ಎಂಒಯುದಾಗ ಕಟ್ಟುಪಾಡು ಯಾವುದು, ಬರೀ ಇರಾದೆ ಯಾವುದು

“ನಮ್ಮ ಹಾವೇರಿ ರೈತ ಕಂಪನಿ ಜೋಡಿ ಖರೀದಿದಾರರು ಮಾಡಿಕೊಳ್ಳೋ ಎಂಒಯುದಾಗ, ಅಂದ್ರ ತಿಳಿವಳಿಕೆ ಪತ್ರದಾಗ, 50 ಟನ್ ಮೆಣಸಿನಕಾಯಿ ಅಂತ ಬರದಾರ್ರಿ. ಅವರು ತಗೊಳ್ಳಲೇಬೇಕಲ್ಲ?”

ಇಲ್ಲರಿ. ನೀವು ಕೊಟ್ಟ ಪ್ರತಿಯಲ್ಲಿ ಇರುವುದು ‘ಶಲ್ ಎಂಡೆವರ್ ಟು ಪರ್ಚೇಸ್’, ಅಂದರೆ ಕೊಳ್ಳಲು ಪ್ರಯತ್ನಿಸುತ್ತೇವೆ ಅಂತ ಅಷ್ಟೇ. ‘ಶಲ್’ ಕಂಡ ಕೂಡಲೇ ‘ತಕ್ಕದ್ದು’ ಎಂದು ಓದಿಬಿಡಬಾರದು, ಅದರ ಮುಂದಿನ ಕ್ರಿಯಾಪದ ನೋಡಬೇಕು. ದರವನ್ನೂ ಮುಂದೆ ಮಾತಾಡೋಣ ಎಂದು ಬಿಟ್ಟಿದ್ದಾರೆ.

ಕೊನೆಯ ಪುಟದ ಸಾಲು ಇನ್ನೂ ಮುಖ್ಯ: ಕಲಂ 6 ಮತ್ತು 8 ಬಿಟ್ಟರೆ ಉಳಿದದ್ದು ಯಾರನ್ನೂ ಕಟ್ಟಿಹಾಕುವುದಿಲ್ಲ. ಕಲಂ 8 ಗೌಪ್ಯತೆಯದು, ಇರಲಿ. ಕಲಂ 6ರ ಪ್ರಕಾರ 90 ದಿನ ನೀವು ಬೇರೆಯವರಿಗೆ ಮಾರುವಂತಿಲ್ಲ! ಅವರು ಕೊಳ್ಳಲೇಬೇಕೆಂದಿಲ್ಲ, ನೀವು ಮಾತ್ರ ಕಾಯಬೇಕು. ಬ್ಯಾಡಗಿ ಪೇಟೆಯ ದರ ಅಷ್ಟರಲ್ಲಿ ಇಳಿದರೆ ನಷ್ಟ ನಿಮ್ಮದೇ.

ಸಹಿಗೆ ಮುಂಚೆ ಕನಿಷ್ಠ ಪ್ರಮಾಣ, ದರ ನಿಗದಿಯ ವಿಧಾನ, ಖರೀದಿಯ ಕೊನೆ ದಿನಾಂಕವನ್ನು ಒಂದು ಕಲಮಿನಲ್ಲಿ ಬರೆಸಿ, ಅದರ ನಂಬರನ್ನೂ ಕೊನೆಯ ಪುಟದ ಸಾಲಿನಲ್ಲಿ 6 ಮತ್ತು 8ರ ಜೊತೆ ಸೇರಿಸಲು ಹೇಳಿ. ಒಪ್ಪದಿದ್ದರೆ ಕಲಂ 6 ತೆಗೆಸಿ.