ಅಡ್ವಾನ್ಸ್ ಮುಟ್ಟುಗೋಲು: ಬರೆದುಕೊಂಡ ಮಾತ್ರಕ್ಕೆ ದಕ್ಕುವುದಿಲ್ಲ

ಸೈಟೋ ಮನೆಯೋ ಮಾರುವಾಗ ಮಾಡಿಕೊಳ್ಳುವ ಕ್ರಯದ ಕರಾರಿನಲ್ಲಿ ಒಂದು ಕಲಂ ಇದ್ದೇ ಇರುತ್ತದೆ: "ಖರೀದಿದಾರರು ನಿಗದಿತ ಅವಧಿಯೊಳಗೆ ಬಾಕಿ ಹಣ ಪಾವತಿಸಿ ಕ್ರಯಪತ್ರ ಮಾಡಿಸಿಕೊಳ್ಳಲು ತಪ್ಪಿದಲ್ಲಿ, ಕೊಟ್ಟಿರುವ ಮುಂಗಡ ಹಣವನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಲು ಮಾರಾಟಗಾರರು ಹಕ್ಕುಳ್ಳವರಾಗಿರುತ್ತಾರೆ." ಸಹಿ ಹಾಕುವ ಹೊತ್ತಿನಲ್ಲಿ ಈ ಸಾಲನ್ನು ಯಾರೂ ಓದುವುದಿಲ್ಲ. ಬ್ಯಾಂಕ್ ಲೋನ್ ಕೈಕೊಟ್ಟಾಗ, ಮನೆಯಲ್ಲಿ ಕಾಯಿಲೆ ಬಂದಾಗ, ಊರಿನ ಜಮೀನು ಮಾರಿ ತರಬೇಕಿದ್ದ ದುಡ್ಡು ಬಾರದೆ ಹೋದಾಗ ಎಲ್ಲರ ಕಣ್ಣೂ ಇದರ ಮೇಲೆ ಬೀಳುತ್ತದೆ. ಮಾರುವವರು "ಬರೆದಿದೆಯಲ್ಲ ಸ್ವಾಮಿ, ಇನ್ನೇನು ಮಾತು" ಅನ್ನುತ್ತಾರೆ. ಕೊಳ್ಳುವವರು ತಮ್ಮದೇ ತಪ್ಪು ಎಂದುಕೊಂಡು ಹತ್ತಿಪ್ಪತ್ತು ಲಕ್ಷ ಬಿಟ್ಟು ಮನೆಗೆ ಹೋಗುತ್ತಾರೆ.

ಸಿವಿಲ್ ಕೋರ್ಟಿನಲ್ಲಿ ಕೆಲಸ ಮಾಡುವವನಾಗಿ ಇದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಕಾನೂನು ಹಾಗೆ ಹೇಳುವುದೇ ಇಲ್ಲ. ಕರಾರಿನಲ್ಲಿ ಬರೆದ ಮೊತ್ತ ನಮ್ಮ ದೇಶದಲ್ಲಿ ಬರೀ ಗರಿಷ್ಠ ಮಿತಿ. ಅದರೊಳಗೆ ಎಷ್ಟು ಸಿಗಬೇಕು ಎಂಬುದನ್ನು ಆದ ನಷ್ಟ ನೋಡಿ ಕೋರ್ಟು ತೀರ್ಮಾನಿಸುತ್ತದೆ.

ಇಂಗ್ಲೆಂಡಿನ ಕೋರ್ಟುಗಳು ಇದನ್ನು ಬೇರೆ ದಾರಿಯಲ್ಲಿ ಬಿಡಿಸಿದವು. ಒಪ್ಪಂದ ಮುರಿದರೆ ಆಗಬಹುದಾದ ನಷ್ಟವನ್ನು ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿ ಬರೆದಿದ್ದರೆ ಅದು ಲಿಕ್ವಿಡೇಟೆಡ್ ಡ್ಯಾಮೇಜಸ್, ಅಷ್ಟನ್ನೂ ಕೊಡಬೇಕು. ಎದುರಿನವರನ್ನು ಹೆದರಿಸಲು ಬರೆದ ಮೊತ್ತವಾದರೆ ಅದು ಪೆನಾಲ್ಟಿ, ನಡೆಯುವುದಿಲ್ಲ. 1915ರ ಡನ್‌ಲಪ್ ಟಯರ್ ಪ್ರಕರಣದಿಂದ ಈ ಗೆರೆ ಎಳೆಯುವ ಸೂತ್ರಗಳು ಪ್ರಸಿದ್ಧವಾದವು. ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಂ ಈ ಗೆರೆಯ ಗೋಜಿಗೇ ಹೋಗುವುದಿಲ್ಲ. ಹೆಸರು ಏನೇ ಇರಲಿ, ನೊಂದ ಪಕ್ಷಕ್ಕೆ ಸಿಗುವುದು "ಸಮಂಜಸವಾದ ಪರಿಹಾರ", ಅದೂ ಬರೆದ ಮೊತ್ತವನ್ನು ಮೀರದಂತೆ. ನಷ್ಟ 20 ಲಕ್ಷ ಆಗಿದ್ದು ಕರಾರಿನಲ್ಲಿ 15 ಲಕ್ಷ ಎಂದಿದ್ದರೆ 15ಕ್ಕೇ ನಿಲ್ಲುತ್ತದೆ. ನಷ್ಟ 3 ಲಕ್ಷವಾದರೆ 3 ಲಕ್ಷ.

ಇದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1963ರಲ್ಲೇ ಫತೇಚಂದ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ದೆಹಲಿಯ ಒಂದು ಬಂಗಲೆ. 1949ರ ಮಾರ್ಚಿನಲ್ಲಿ ಕರಾರು, ಬೆಲೆ 1,12,500 ರೂಪಾಯಿ. ಕೊಳ್ಳುವವರು ಮಾತಿಗೆ ತಪ್ಪುವುದಿಲ್ಲ ಎಂಬ ಖಾತರಿಗೆ ಸಂಚಕಾರವೆಂದು 1,000 ಕೊಟ್ಟರು, ಸ್ವಾಧೀನ ಪಡೆಯುವಾಗ ಇನ್ನೂ 24,000 ಕೊಟ್ಟರು. ಜೂನ್ 1ರೊಳಗೆ ನೋಂದಣಿ ಆಗಬೇಕು, ಕೊಳ್ಳುವವರಿಂದ ತಪ್ಪಾದರೆ ಪೂರ್ತಿ 25,000 ಮುಟ್ಟುಗೋಲು. ನೋಂದಣಿ ಆಗಲಿಲ್ಲ, ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಹೈಕೋರ್ಟು ಬೆಲೆಯ ಶೇ. 10 ಎಂದು ಲೆಕ್ಕ ಹಾಕಿ 11,250 ರೂಪಾಯಿ ಇಟ್ಟುಕೊಳ್ಳಲು ಮಾರಾಟಗಾರರಿಗೆ ಬಿಟ್ಟಿತು.

ಸುಪ್ರೀಂ ಕೋರ್ಟು ಅದನ್ನೂ ಒಪ್ಪಲಿಲ್ಲ. ಕೊಳ್ಳುವವರದೇ ತಪ್ಪು ಎಂದು ಇಟ್ಟುಕೊಂಡರೂ, ಮಾರಾಟಗಾರರಿಗೆ ಆದ ನಷ್ಟವೇನು? ಆಸ್ತಿಯ ಬೆಲೆ ಇಳಿದಿದೆ ಎಂಬುದಕ್ಕೆ ಸಾಕ್ಷ್ಯವಿಲ್ಲ, ಬೇರೆ ನಷ್ಟಕ್ಕೂ ಸಾಕ್ಷ್ಯವಿಲ್ಲ. ಮನೆ ಅಷ್ಟು ದಿನ ಕೊಳ್ಳುವವರ ವಶದಲ್ಲಿತ್ತು ನಿಜ, ಅದನ್ನು ಬಳಸಿಕೊಂಡದ್ದಕ್ಕೆ ಬೇರೆ ಲೆಕ್ಕವಿದೆ. ಹಾಗಾಗಿ 1,000 ರೂಪಾಯಿ ಸಂಚಕಾರ ಮಾರಾಟಗಾರರಿಗೆ ಉಳಿಯಿತು. 24,000ವನ್ನು ಆ ಕಲಮಿನ ಬಲದ ಮೇಲೆ ನುಂಗಲಾಗಲಿಲ್ಲ.

ಇಲ್ಲಿ ನಮ್ಮ ವಕೀಲರೇ ಎಡವುವ ಒಂದು ಜಾಗವಿದೆ. 74ನೇ ಕಲಮಿನಲ್ಲಿ "ನಿಜವಾದ ನಷ್ಟವನ್ನು ರುಜುವಾತುಪಡಿಸಲಿ ಬಿಡಲಿ" ಎಂಬರ್ಥದ ಮಾತು ಇದೆ. ಅದನ್ನು ಹಿಡಿದುಕೊಂಡು "ನಷ್ಟವೇ ಆಗದಿದ್ದರೂ ಹಣ ಸಿಗುತ್ತದೆ" ಎಂದು ವಾದಿಸುತ್ತಾರೆ. ಕಲಂ ಅದನ್ನು ಹೇಳುತ್ತಿಲ್ಲ. ನಷ್ಟವಾಗಿದೆ, ಆದರೆ ಅದನ್ನು ರೂಪಾಯಿ ಪೈಸೆಯಲ್ಲಿ ಅಳೆಯಲಾಗುವುದಿಲ್ಲ ಎಂಬಂಥ ಪ್ರಸಂಗಕ್ಕೆ ಆ ಮಾತು. ಓಎನ್‌ಜಿಸಿ ಮತ್ತು ಸಾ ಪೈಪ್ಸ್ ನಡುವಿನ 2003ರ ತೀರ್ಪಿನಲ್ಲಿ ಎಣ್ಣೆ ಬಾವಿಗೆ ಬೇಕಾದ ಪೈಪು ತಡವಾಗಿ ಬಂದಿತ್ತು. ಅದರಿಂದ ಎಷ್ಟು ನಷ್ಟವಾಯಿತೆಂದು ಕರಾರುವಾಕ್ಕಾಗಿ ಲೆಕ್ಕ ಹಾಕುವುದು ಕಷ್ಟ. ಹಾಗಾಗಿ ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿದ್ದ ಅಂದಾಜಿಗೆ ಕೋರ್ಟು ಬೆಲೆ ಕೊಟ್ಟಿತು.

ಆಲೂಗಡ್ಡೆಯ ಪ್ರಕರಣ ಇದಕ್ಕೆ ಪೂರ್ತಿ ವಿರುದ್ಧ. 1947ರಲ್ಲಿ ಮೌಲಾ ಬಕ್ಷ್ ಎಂಬ ಗುತ್ತಿಗೆದಾರರು ಸೇನೆಗೆ ಆಲೂಗಡ್ಡೆ ಒದಗಿಸಲು ಒಂದು, ಕೋಳಿ, ಮೊಟ್ಟೆ, ಮೀನು ಒದಗಿಸಲು ಇನ್ನೊಂದು ಕರಾರು ಮಾಡಿಕೊಂಡಿದ್ದರು. ಮೊದಲನೆಯದಕ್ಕೆ 10,000, ಎರಡನೆಯದಕ್ಕೆ 8,500 ರೂಪಾಯಿ ಠೇವಣಿ. ಸರಬರಾಜು ಸರಿಯಾಗಿ ಆಗಲಿಲ್ಲ ಎಂದು ಸರ್ಕಾರ ಕರಾರು ರದ್ದು ಮಾಡಿ ಎರಡೂ ಠೇವಣಿ ಮುಟ್ಟುಗೋಲು ಹಾಕಿತು. ಸುಪ್ರೀಂ ಕೋರ್ಟು ಕೇಳಿದ್ದು ಸರಳವಾದ ಪ್ರಶ್ನೆ: ಇವರು ಕೊಡದೆ ಹೋದ ಆಲೂಗಡ್ಡೆಯನ್ನು ನೀವು ಬೇರೆಯವರಿಂದ ಕೊಂಡಿರಬೇಕಲ್ಲ, ಎಷ್ಟಕ್ಕೆ ಕೊಂಡಿರಿ? ಮಾರುಕಟ್ಟೆ ದರವಿರುವ ಸಾಮಾನಿನ ನಷ್ಟ ತೋರಿಸುವುದೇನೂ ಕಷ್ಟವಲ್ಲ. ಸರ್ಕಾರ ತೋರಿಸಲಿಲ್ಲ, ಠೇವಣಿ ಹಿಂದಿರುಗಿಸಬೇಕಾಯಿತು.

ಸೈಟು ಎಣ್ಣೆ ಬಾವಿಯಂತಲ್ಲ. ಅದಕ್ಕೆ ಬೆಲೆ ಇದೆ, ಅಕ್ಕಪಕ್ಕದ ಸೈಟುಗಳ ಕ್ರಯಪತ್ರಗಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿವೆ. ನಷ್ಟವಾಗಿದ್ದರೆ ತೋರಿಸಬಹುದು. ತೋರಿಸಬಹುದಾದದ್ದನ್ನು ತೋರಿಸಲೇಬೇಕು ಎಂಬುದು ನನ್ನ ವಾದ.

ಒಂದು ಲೆಕ್ಕ ಹಾಕಿ ನೋಡೋಣ. ಮೈಸೂರಿನಲ್ಲಿ 60 ಲಕ್ಷದ ಸೈಟು, ಅಡ್ವಾನ್ಸ್ 15 ಲಕ್ಷ, ಅವಧಿ ನಾಲ್ಕು ತಿಂಗಳು ಎಂದುಕೊಳ್ಳಿ. ಕೊಳ್ಳುವವರಿಗೆ ಲೋನ್ ಆಗಲಿಲ್ಲ. ಲೋನ್ ಸಿಗದಿದ್ದರೆ ಕರಾರು ರದ್ದು ಎಂದು ಬರೆದುಕೊಂಡಿಲ್ಲ, ಹಾಗಾಗಿ ತಪ್ಪು ಅವರದೇ. ಮಾರುವವರು ನೋಟಿಸ್ ಕೊಟ್ಟು ಕರಾರು ರದ್ದು ಮಾಡಿ, ಒಂದೆರಡು ತಿಂಗಳಲ್ಲಿ ಇನ್ನೊಬ್ಬರಿಗೆ 57 ಲಕ್ಷಕ್ಕೆ ಮಾರಿದರು. ಬೆಲೆಯಲ್ಲಿ 3 ಲಕ್ಷ ನಷ್ಟ. ಎರಡನೇ ಸಲ ಬ್ರೋಕರ್‌ಗೆ ಶೇ. 1ರಂತೆ 57,000 ಕೊಟ್ಟ ರಸೀದಿ ಇದೆ. ಒಟ್ಟು 3.57 ಲಕ್ಷ. ಈ ಹಣ ಬರುತ್ತದೆಂದು ನಂಬಿ ಬೇರೆ ಕಡೆ ಸಾಲ ಮಾಡಿದ್ದೆ, ಬಡ್ಡಿ ಕಟ್ಟಿದೆ ಎನ್ನುವುದಾದರೆ, ಕರಾರಿನ ಹೊತ್ತಿಗೇ ಕೊಳ್ಳುವವರಿಗೆ ಆ ವಿಷಯ ತಿಳಿದಿತ್ತೆಂದು ತೋರಿಸಬೇಕು, ಇಲ್ಲದಿದ್ದರೆ 73ನೇ ಕಲಮಿನ ಪ್ರಕಾರ ಅದು ದೂರದ ನಷ್ಟ, ಅದಕ್ಕೆ ಪರಿಹಾರವಿಲ್ಲ. ನನ್ನ ಲೆಕ್ಕದಲ್ಲಿ 3.57 ಲಕ್ಷ ಇಟ್ಟುಕೊಂಡು 11.43 ಲಕ್ಷ ವಾಪಸ್ ಕೊಡುವುದು ನ್ಯಾಯ. ಅದೇ ಸೈಟು 63 ಲಕ್ಷಕ್ಕೆ ಹೋಗಿದ್ದರೆ? ಆಗ ಮಾರುವವರಿಗೆ ಲಾಭವೇ ಆಗಿದೆ. ಅದರ ಮೇಲೆ 15 ಲಕ್ಷವನ್ನೂ ಇಟ್ಟುಕೊಳ್ಳುವುದನ್ನು ಪರಿಹಾರ ಎಂದು ಕರೆಯಲು ನನಗಂತೂ ಬಾಯಿ ಬಾರದು.

ಇಂಥದ್ದೇ ಒಂದು ವ್ಯಾಜ್ಯ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ನಡೆಯಿತು. ಕೈಲಾಶ್ ನಾಥ್ ಅಸೋಸಿಯೇಟ್ಸ್ ಸಂಸ್ಥೆ 1982ರ ಹರಾಜಿನಲ್ಲಿ 3.12 ಕೋಟಿಗೆ ಒಂದು ನಿವೇಶನ ಕೂಗಿ, ಕಾಲು ಭಾಗವಾದ 78 ಲಕ್ಷ ಕಟ್ಟಿತ್ತು. ಬಾಕಿ ಕಟ್ಟುವ ಗಡುವಿನ ವಿಚಾರ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಪ್ರಾಧಿಕಾರ ಆ 78 ಲಕ್ಷ ಮುಟ್ಟುಗೋಲು ಹಾಕಿತು. ಆಮೇಲೆ 1994ರಲ್ಲಿ ಅದೇ ನಿವೇಶನವನ್ನು 11.78 ಕೋಟಿಗೆ ಮಾರಿತು. 2015ರಲ್ಲಿ ಸುಪ್ರೀಂ ಕೋರ್ಟು ಮೊದಲು, ಕರಾರು ಮುರಿದದ್ದು ಕೊಳ್ಳುವವರಲ್ಲ ಎಂದು ಹೇಳಿತು. ಅಷ್ಟಕ್ಕೇ ನಿಲ್ಲದೆ, ನಷ್ಟ ಆಗಿರುವುದೇ 74ನೇ ಕಲಮಿನ ಮೂಲ ಷರತ್ತು, ನಷ್ಟವೇ ಇಲ್ಲದ ಕಡೆ ಪರಿಹಾರವಿಲ್ಲ ಎಂದಿತು. 78 ಲಕ್ಷವನ್ನು ಶೇ. 9 ಬಡ್ಡಿಯೊಂದಿಗೆ ವಾಪಸ್ ಕೊಡಿಸಿತು.

ಇಷ್ಟಿದ್ದೂ ಮಾರುವವರ ಕಡೆಯ ಒಂದು ವಾದಕ್ಕೆ ಬಲವಿದೆ. ಅದು ಸಂಚಕಾರದ ವಾದ. ನಾನು ಮಾತಿಗೆ ತಪ್ಪುವುದಿಲ್ಲ ಎಂಬ ಖಾತರಿಗೆ ಕೊಡುವ ಸಣ್ಣ ಮೊತ್ತವನ್ನು ಮುಟ್ಟುಗೋಲು ಹಾಕಿದರೆ ಅದು ಪೆನಾಲ್ಟಿಯಲ್ಲ ಎಂದು ಆಲೂಗಡ್ಡೆಯ ತೀರ್ಪಿನಲ್ಲೇ ಹೇಳಿದೆ, ಮೊತ್ತ ಸಮಂಜಸವಾಗಿರಬೇಕು ಅಷ್ಟೆ. ಇದು ನನಗೂ ಒಪ್ಪಿಗೆ. ನಾಲ್ಕು ತಿಂಗಳು ಬೇರೆ ಗಿರಾಕಿಯನ್ನು ವಾಪಸ್ ಕಳಿಸಿದವರಿಗೆ ಏನೂ ಸಿಗಬಾರದು ಎನ್ನುವುದು ಅನ್ಯಾಯ. 2012ರ ಒಂದು ಪ್ರಕರಣದಲ್ಲಿ 70 ಲಕ್ಷದ ಆಸ್ತಿಗೆ ಕೊಟ್ಟ 7 ಲಕ್ಷ, ಅಂದರೆ ಶೇ. 10, ಸಂಚಕಾರವೆಂದೇ ಮುಟ್ಟುಗೋಲಾಯಿತು.

ಆದರೆ ಸಣ್ಣದು ಎಂದರೆ ಎಷ್ಟು? ಇದಕ್ಕೆ ಕಾಯ್ದೆಯಲ್ಲಿ ಅಂಕಿ ಇಲ್ಲ. ನನ್ನ ಆತಂಕ ಇರುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಆಸ್ತಿಯ ವ್ಯಾಜ್ಯದಲ್ಲಿ, 55.50 ಲಕ್ಷದ ಕರಾರಿಗೆ ಕೊಟ್ಟಿದ್ದ 20 ಲಕ್ಷವನ್ನೂ ಸಂಚಕಾರವೆಂದು ಪರಿಗಣಿಸಿ ಸುಪ್ರೀಂ ಕೋರ್ಟು ಮುಟ್ಟುಗೋಲನ್ನು ಎತ್ತಿಹಿಡಿಯಿತು. ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಅಷ್ಟು ದೊಡ್ಡ ಹಣವನ್ನು ಖಾತರಿಯ ಹಣ ಎನ್ನುವುದಕ್ಕಿಂತ ಬೆಲೆಯ ಒಂದು ಕಂತು ಎನ್ನುವುದೇ ವಾಸ್ತವಕ್ಕೆ ಹತ್ತಿರ. ಫತೇಚಂದ್ ಪ್ರಕರಣದ ಐವರ ಪೀಠ 24,000ವನ್ನು 1,000ದಿಂದ ಬೇರ್ಪಡಿಸಿ ನೋಡಿದ್ದು ಇದೇ ಕಾರಣಕ್ಕೆ. ಕರಾರಿನ ಒಕ್ಕಣೆ ನೋಡಿ ಮೂರನೇ ಒಂದು ಭಾಗವನ್ನೂ ಸಂಚಕಾರ ಎಂದುಬಿಟ್ಟರೆ, ನಾಳೆ ಎಲ್ಲ ಕರಾರುಗಳಲ್ಲೂ ಅದೇ ಒಕ್ಕಣೆ ಬರುತ್ತದೆ, ಸಮಂಜಸವಾದ ಪರಿಹಾರ ಎಂಬ ಮಾತು ಕಾಯ್ದೆಯ ಪುಸ್ತಕದಲ್ಲಿ ಉಳಿಯುತ್ತದೆ. ಈ ತೀರ್ಪನ್ನು ಗೌರವದಿಂದಲೇ ಓದಿದ್ದೇನೆ, ಆದರೂ ಈ ಅಂಶ ನನಗೆ ಒಪ್ಪಿಗೆಯಾಗಿಲ್ಲ.

ಅದೇ ಪ್ರಕರಣದಲ್ಲಿ ಕೊಳ್ಳುವವರ ಕೈ ಕಟ್ಟಿಹಾಕಿದ ಇನ್ನೊಂದು ಸಂಗತಿಯೂ ಇತ್ತು. ಕ್ರಯಪತ್ರ ಮಾಡಿಸಿಕೊಡಿ ಎಂದು ದಾವಾ ಹಾಕಿದ್ದವರು, ಅದು ಆಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡಿಸಿ ಎಂದು ಕೇಳಿರಲೇ ಇಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಮಿನ ಪ್ರಕಾರ, ಕೇಳದ ಹಣವನ್ನು ಕೋರ್ಟು ಕೊಡಿಸುವಂತಿಲ್ಲ. ಅಡ್ವಾನ್ಸ್ ಕೊಟ್ಟು ವ್ಯಾಜ್ಯದಲ್ಲಿ ಸಿಕ್ಕಿಕೊಂಡವರು ತಮ್ಮ ದಾವಾ ಪ್ರತಿಯನ್ನು ಇವತ್ತೇ ತೆಗೆದು, ಕೊನೆಯಲ್ಲಿರುವ ಬೇಡಿಕೆಗಳ ಪಟ್ಟಿಯಲ್ಲಿ ಹಣ ವಾಪಸಾತಿ ಇದೆಯೇ ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಲು ನಿಮ್ಮ ವಕೀಲರಿಗೆ ಹೇಳಿ, ದಾವಾ ಯಾವ ಹಂತದಲ್ಲಿದ್ದರೂ ಅದೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಮಾರುವವರು ಮರುಮಾರಾಟ ಮಾಡಿದ್ದರೆ ಆ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ ಹಾಜರುಪಡಿಸಿ. ಮರುಮಾರಾಟ ಆಗಿರದಿದ್ದರೆ, ಕರಾರು ಮುರಿದ ದಿನದ ಆಸುಪಾಸಿನಲ್ಲಿ ಅದೇ ಬಡಾವಣೆಯಲ್ಲಿ ನೋಂದಣಿಯಾದ ಎರಡು ಮೂರು ಕ್ರಯಪತ್ರಗಳನ್ನು ಹುಡುಕಿಸಿ. ಐದು ವರ್ಷದ ನಂತರದ ಬೆಲೆಗಿಂತ ಆ ದಿನಗಳ ಬೆಲೆಗೇ ಹೆಚ್ಚು ತೂಕ. ಇನ್ನೂ ಸಹಿ ಹಾಕದವರು ಸಂಚಕಾರ ಎಷ್ಟು, ಬೆಲೆಯ ಕಂತು ಎಷ್ಟು ಎಂದು ಎರಡು ಬೇರೆ ಸಾಲುಗಳಲ್ಲಿ ಬರೆಸಿ, ಮುಟ್ಟುಗೋಲಿನ ಕಲಂ ಮೊದಲನೆಯದಕ್ಕೆ ಮಾತ್ರ ಅನ್ವಯ ಎಂದು ಸೇರಿಸಿಕೊಳ್ಳಿ. ಬ್ಯಾಂಕ್ ಲೋನ್ ನಂಬಿಕೊಂಡೇ ಕೊಳ್ಳುತ್ತಿದ್ದರೆ, ಲೋನ್ ಮಂಜೂರಾಗದಿದ್ದಾಗ ಏನಾಗಬೇಕು ಎಂಬುದನ್ನೂ ಅಲ್ಲೇ ಬರೆಸಿ.