ದಾಸಾಚಾರ್ಯರ ಹಸಿವಿಗೆ ಅಡಿಟಿಪ್ಪಣಿ

ಕನ್ನಡ ಕಾದಂಬರಿ ಓದಲು ಬೆಂಗಳೂರಿನಲ್ಲೀಗ ಒಂದು ಕ್ರಮ ಇದೆ. ಮೊದಲು ಅದು ಇಂಗ್ಲಿಷಿಗೆ ಹೋಗಬೇಕು. ಅಲ್ಲಿ ಯಾರಾದರೂ ಭೇಷ್ ಅನ್ನಬೇಕು. ಆಮೇಲೆ ನಾವು ಅದನ್ನು ಇಂಗ್ಲಿಷಿನಲ್ಲೇ ಕೊಂಡು ಓದಿ, ನಮ್ಮಲ್ಲೂ ಎಂಥೆಂಥ ಲೇಖಕರಿದ್ದಾರೆ ಅಲ್ವಾ ಎಂದು ಬೆರಗಾಗಬೇಕು.

ಅಂಥದೊಂದು ಓದುಕೂಟದಲ್ಲಿ 'ಸಂಸ್ಕಾರ'ದ ಸರದಿ ಬಂತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರದ್ದು. ಎಲ್ಲರ ಕೈಯಲ್ಲಿದ್ದದ್ದು ಎ.ಕೆ. ರಾಮಾನುಜನ್ ಅವರ 1976ರ ಅನುವಾದ. ಅನುವಾದದ ಮೇಲೆ ನನ್ನ ತಕರಾರಿಲ್ಲ, ರಾಮಾನುಜನ್ ಸ್ವತಃ ಕನ್ನಡದ ಕವಿ. ಆದರೆ ಓದಿದವರ ಮುಖ ನೋಡಬೇಕಿತ್ತು. ಸಂತಾಪ ಸಭೆಗೆ ಬಂದವರ ಹಾಗಿದ್ದರು. ಒಬ್ಬರೂ ನಕ್ಕಿರಲಿಲ್ಲ!

ಕಾದಂಬರಿಯಲ್ಲಿ, ಬ್ರಾಹ್ಮಣ್ಯದ ಕಟ್ಟಳೆಗಳನ್ನೆಲ್ಲ ಮುರಿದಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಶವಸಂಸ್ಕಾರ ಮಾಡು ಎಂದರೆ ಗರುಡಾಚಾರ್ಯನೂ ಲಕ್ಷ್ಮಣಾಚಾರ್ಯನೂ ನುಣುಚಿಕೊಳ್ಳುತ್ತಾರೆ. ಅವನ ಜೊತೆ ಬಾಳಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಚಿನ್ನ ಬಿಚ್ಚಿಟ್ಟಳೋ ಇಲ್ಲವೋ, ಸತ್ತವನ ಮೇಲೆ ಇಬ್ಬರಿಗೂ ಎಲ್ಲಿಲ್ಲದ ನೆಂಟಸ್ತಿಕೆ ಉಕ್ಕುತ್ತದೆ. ಇಂಥ ನೆಂಟರನ್ನು ಆಸ್ತಿ ಪಾಲಾಗುವ ಮನೆಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಕೂಟದವರಿಗೆ ಅಲ್ಲಿ ಕಂಡದ್ದು 'ಸಾಂಸ್ಥಿಕ ಧರ್ಮದ ಅಸ್ತಿತ್ವವಾದಿ ಬಿಕ್ಕಟ್ಟು'.

ದಾಸಾಚಾರ್ಯರ ಪಾಡು ಇನ್ನೂ ಕಷ್ಟ. ತಿಥಿಯೂಟ, ವೈಕುಂಠ ಸಮಾರಾಧನೆಗಳಲ್ಲೇ ಬದುಕುವ ಬಡಪಾಯಿ. ಹೆಣ ಬಿದ್ದಿದೆ, ಹೊಟ್ಟೆ ಕೇಳುತ್ತಿಲ್ಲ. ಕದ್ದು ಪಕ್ಕದ ಪಾರಿಜಾತಪುರಕ್ಕೆ ಹೋಗಿ ತಿನ್ನುತ್ತಾನೆ. ಅದೂ ಯಾರ ಮನೆಯಲ್ಲಿ? ಸ್ಮಾರ್ತರ ಮನೆಯಲ್ಲಿ! ಮಾಧ್ವ ಅಗ್ರಹಾರದವನಿಗೆ ಅದೆಂಥ ಪಜೀತಿ ಎಂಬುದು ಗೊತ್ತಿದ್ದವರು ನಗುತ್ತಾರೆ, ನಕ್ಕ ಮೇಲೆ ಅವನ ಹಸಿವು ನೆನೆದು ಸಂಕಟವೂ ಆಗುತ್ತದೆ. ಗೊತ್ತಿಲ್ಲದವರಿಗೆ ಒಬ್ಬ ಬ್ರಾಹ್ಮಣ ಇನ್ನೊಬ್ಬ ಬ್ರಾಹ್ಮಣನ ಮನೆಯಲ್ಲಿ ತಿಂಡಿ ತಿಂದ, ಅಷ್ಟೇ. ಪುಸ್ತಕದ ಕೊನೆಗೆ ಟಿಪ್ಪಣಿ ಇದೆ, ನಿಜ. ಆದರೆ ಟಿಪ್ಪಣಿ ನೋಡಿ ಬಂದು ನಗುವವರನ್ನು ನಾನಂತೂ ಕಂಡಿಲ್ಲ.

ನಗು ಸೋರಿಹೋದ ಮೇಲೆ ಉಳಿಯುವುದು ಸಾಕ್ಷ್ಯ. 1977ರಲ್ಲಿ ವಿ.ಎಸ್. ನೈಪಾಲ್ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕಾದಂಬರಿಯನ್ನು ಹಿಂದೂ ನಾಗರಿಕತೆಯ ರೋಗಕ್ಕೆ ಪುರಾವೆಯಾಗಿಯೇ ಮಂಡಿಸಿದರು. ಅಗ್ರಹಾರವನ್ನು ಒಳಗಿನವನೇ ಗೇಲಿ ಮಾಡುತ್ತಿದ್ದಾನೆ ಎನ್ನುವುದು ಕೇಳದಿದ್ದರೆ, ಗೇಲಿಯೂ ವರದಿಯಾಗಿಬಿಡುತ್ತದೆ. ನೈಪಾಲ್‌ಗೆ ಕನ್ನಡ ಬರುತ್ತಿರಲಿಲ್ಲ, ಬಿಡಿ. ನಮ್ಮ ಕೂಟದವರಿಗೇನಾಗಿದೆ?

ಅನಂತಮೂರ್ತಿ 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿದ್ದು ಅದಕ್ಕೆ ಪ್ರೇರಣೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರು ನೋಡಿದ ಪ್ರತಿಗೆ ಸಬ್‌ಟೈಟಲ್ ಇರಲಿಲ್ಲ. ಅವರಿಗೆ ಸ್ವೀಡಿಷ್ ಬರುತ್ತಿರಲಿಲ್ಲ. ಇದನ್ನು ಕೂಟದಲ್ಲಿ ಹೇಳಿದೆ. ಒಬ್ಬರು ಕೂಡಲೇ ಬರೆದುಕೊಂಡರು, ಇಂಗ್ಲಿಷಿನಲ್ಲಿ.