ಫುಲ್ ಇನ್ಶೂರೆನ್ಸ್ ಇದ್ದರೆ ಮಳೆನೀರಿಗೆ ಕೆಟ್ಟ ಎಂಜಿನ್ನಿಗೂ ದುಡ್ಡು ಬರುತ್ತಾ?

"ಫುಲ್ ಇನ್ಶೂರೆನ್ಸ್ ಮಾಡಿಸಿದ್ರೆ ಕಾರಿಗೆ ಏನಾದರೂ ಪೂರ್ತಿ ದುಡ್ಡು ಬರುತ್ತೆ, ನಿಜಾನಾ?" ಮಳೆಗಾಲ ಬಂದರೆ ಹಾಸನದ ಗ್ರೂಪುಗಳಲ್ಲಿ ಈ ಮೆಸೇಜ್ ಓಡಾಡುತ್ತದೆ.

ಅರ್ಧ ನಿಜ. ಫುಲ್ ಇನ್ಶೂರೆನ್ಸ್ ಅಂತ ನಾವು ಕರೆಯುವ ಪ್ಯಾಕೇಜ್ ಪಾಲಿಸಿಯಲ್ಲಿ ಪ್ರವಾಹದಿಂದಾದ ಹಾನಿ ಸೇರಿದೆ. ಆದರೆ ಸಕಲೇಶಪುರದ ಕಡೆ ನೀರು ನಿಂತ ರಸ್ತೆಯಲ್ಲಿ ಕಾರು ಆಫ್ ಆಯಿತು ಅಂದುಕೊಳ್ಳಿ. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡುತ್ತೀರಿ. ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒದ್ದೆಯಾದ ಸೀಟಿಗೆ ಕ್ಲೇಮ್ ಸಿಗಬಹುದು. ಎಂಜಿನ್ನಿಗೆ? ಇದು ನೀರಿನಿಂದ ನೇರವಾಗಿ ಆದದ್ದಲ್ಲ, ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ, 'ಪರಿಣಾಮವಾಗಿ ಆದ ನಷ್ಟ' ಎಂಬ ಹೊರಗಿಡುವಿಕೆ ತೋರಿಸಿ ಸಾಮಾನ್ಯವಾಗಿ ನಿರಾಕರಿಸುತ್ತಾರೆ.

ನಿಮ್ಮ ಪಾಲಿಸಿಯಲ್ಲಿ ಎಂಜಿನ್ ಸೇರಿದೆಯಾ ಅಂತ ನೀವೇ ನೋಡಬಹುದು. ಮೊದಲು ಶೆಡ್ಯೂಲ್ ತೆಗೆಯಿರಿ, ಅಂದರೆ ನಿಮ್ಮ ಗಾಡಿ ನಂಬರ್, ಗಾಡಿಗೆ ಪಾಲಿಸಿಯಲ್ಲಿ ನಿಗದಿ ಮಾಡಿದ ಬೆಲೆಯಾದ ಐಡಿವಿ, ಪ್ರೀಮಿಯಂ ಲೆಕ್ಕ ಇರುವ ಹಾಳೆ. ಅಲ್ಲಿ 'ಎಂಜಿನ್ ಪ್ರೊಟೆಕ್ಟ್' ಥರದ ಆಡ್-ಆನ್, ಅಂದರೆ ಎಂಜಿನ್ ಹಾನಿಗೆ ಬೇರೆಯಾಗಿ ಸೇರಿಸಿದ ರಕ್ಷಣೆಯ ಹೆಸರು ಇದೆಯಾ? ಏಜೆಂಟರು ಬಾಯಲ್ಲಿ ಹೇಳಿದ್ದು ಸಾಲದು, ಅಲ್ವಾ? ಹೆಸರಿದ್ದರೆ ಅದರ ಎಂಡಾರ್ಸ್‌ಮೆಂಟ್ ಓದಿ. ಮೂಲ ಪಾಲಿಸಿಯ ಮಾತನ್ನು ಬದಲಿಸುವ ಹಾಳೆ ಅದೇ. ಅದರಲ್ಲೂ ಷರತ್ತುಗಳಿರುತ್ತವೆ.

'ಕಡ್ಡಾಯ ಕಡಿತ' ಅಂತ ಒಂದು ಸಾಲು ಕೂಡ ಇರುತ್ತದೆ. ಖಾಸಗಿ ಕಾರಿಗೆ 1500 ಸಿಸಿವರೆಗೆ 1000 ರೂಪಾಯಿ, ಮೇಲಿದ್ದರೆ 2000. ಪ್ರತಿ ಕ್ಲೇಮಿನಲ್ಲೂ ಅಷ್ಟು ನಿಮ್ಮದೇ ಕೈಯಿಂದ.